ಕಾಗದದ ತಪ್ಪು, ಕಾಂಕ್ರೀಟಿನ ತಪ್ಪು

ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಹೊತ್ತಿಗೆ ಯಾರ ಕೈಯೂ ಬಿಡುವಾಗಿರುವುದಿಲ್ಲ, ಆದರೆ ಬಾಯಿ ಬಿಡುವಾಗಿರುತ್ತದೆ. ಕಳೆದ ತಿಂಗಳು ಹಾಗೊಂದು ಬೆಳಿಗ್ಗೆ ನೆರೆಮನೆಯ ಜಗಲಿಯಲ್ಲಿ ಕುಳಿತಿದ್ದೆ. ಆ ಮನೆಯ ಮಗಳು ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಎರಡು ಕೆಲಸಗಳ ಪತ್ರ ಹಿಡಿದುಕೊಂಡಿದ್ದಳು. ಒಂದು ಬೆಂಗಳೂರಿನ ವಿನ್ಯಾಸ ಕಚೇರಿಯದು, ಇನ್ನೊಂದು ಮಣಿಪಾಲದ ಬಳಿ ಏಳುತ್ತಿರುವ ವಸತಿ ಕಟ್ಟಡದ ಸೈಟಿನದು. ಸಂಬಳದಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. "ಮಾಮ, ಎಲ್ಲಿಗೆ ಹೋದರೆ ಒಳ್ಳೆಯದು?" ಎಂದು ಕೇಳಿದಳು. ಹೂ ಕಟ್ಟುತ್ತಿದ್ದ ಅವಳ ಅಮ್ಮ ತಲೆಯೆತ್ತದೆ, "ನೆರಳಿನಲ್ಲಿ ಕೂತುಕೊಳ್ಳುವ ಕೆಲಸ ಉಂಟಲ್ಲ, ಮತ್ತೆಂತ ಯೋಚನೆ?" ಎಂದರು.

ನೆರಳು ಬಿಸಿಲಿನ ಪ್ರಶ್ನೆ ಸಣ್ಣದಲ್ಲ, ಜೂನಿನ ಕರಾವಳಿ ಮಳೆಯಲ್ಲಿ ಸೈಟಿನಲ್ಲಿ ನಿಂತವರಿಗೆ ಅದು ಗೊತ್ತು. ಆದರೂ ಅವಳಿಗೆ ನಾನು ಹೇಳಿದ್ದು ನನ್ನ ಮೊದಲ ವರ್ಷದ ಒಂದು ಬಾಲ್ಕನಿಯ ಕತೆ.

ಗೋಡೆಯಿಂದ ಹೊರಗೆ ನಾಲ್ಕಡಿ ಚಾಚಿದ ಬಾಲ್ಕನಿ ಅದು. ಅಂಥ ಚಾಚಿದ ಹಲಗೆಯ ತುದಿ ಕೆಳಗೆ ಬಾಗಲು ನೋಡುತ್ತದೆ. ಹಾಗಾಗಿ ಗೋಡೆಯ ಬುಡದಲ್ಲಿ ಅದರ ಮೇಲ್ಮೈ ಹಿಗ್ಗುತ್ತದೆ. ಕಾಂಕ್ರೀಟು ಅಮುಕಿದರೆ ತಡೆದುಕೊಳ್ಳುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತವನ್ನು ತಡೆಯುವುದು ಕಬ್ಬಿಣದ ಸರಳು. ಆದ್ದರಿಂದ ಒಳಗಿನ ಕೋಣೆಯ ಸ್ಲ್ಯಾಬಿನ ನಡುವೆ ಸರಳು ಕೆಳಗಿದ್ದರೆ, ಬಾಲ್ಕನಿಯಲ್ಲಿ ಅದು ಮೇಲಿರಬೇಕು. ನಮ್ಮ ನಕ್ಷೆಯಲ್ಲಿ ಸ್ಲ್ಯಾಬಿನ ದಪ್ಪ 150 ಮಿಲಿಮೀಟರ್, ಸರಳಿನ ಮೇಲೆ 30 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ, ಸರಳು 10 ಮಿಲಿಮೀಟರಿನದು. ಅಂದರೆ ಸರಳಿನ ನಡುಮಧ್ಯದಿಂದ ಸ್ಲ್ಯಾಬಿನ ತಳಕ್ಕೆ 115 ಮಿಲಿಮೀಟರ್. ಬಾಲ್ಕನಿಯ ಬಲವೆಲ್ಲ ನಿಂತಿರುವುದು ಈ 115ರ ಮೇಲೆ.

ಕಾಂಕ್ರೀಟು ಹಾಕುವ ದಿನ ಸಂಜೆ ಮೋಡ ಕಟ್ಟಿತ್ತು, ಎಲ್ಲರಿಗೂ ಅವಸರ. ಬಾಣಲೆ ಹೊತ್ತವರು ಆ ಸರಳುಗಳ ಮೇಲೆಯೇ ಓಡಾಡುತ್ತಿದ್ದರು. ಸರಳನ್ನು ಮೇಲೆ ಎತ್ತಿ ಹಿಡಿಯಲು ಅಡಿಯಲ್ಲಿ ಇಡುವ ಬಗ್ಗಿಸಿದ ಕಂಬಿಗೆ ನಾವು 'ಚೇರ್' ಎನ್ನುತ್ತೇವೆ. ಅಂದು ಚೇರ್‌ಗಳು ಅಲ್ಲೊಂದು ಇಲ್ಲೊಂದು ಇದ್ದವು. ಹತ್ತು ಮಿಲಿಮೀಟರ್ ಸರಳಿನ ಮೇಲೆ ಆಳು ನಿಂತರೆ ಅದು ತಗ್ಗಿ ಬಾಗುತ್ತದೆ, ಮತ್ತೆ ಮೇಲೇಳುವುದಿಲ್ಲ. ನಾನು ನೋಡಿದೆ. ಅರ್ಧ ಬಾಲ್ಕನಿ ಆಗಲೇ ತುಂಬಿತ್ತು. ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ಮೇಸ್ತ್ರಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾನು ಕೆಲಸಕ್ಕೆ ಸೇರಿ ಎರಡು ತಿಂಗಳು. ಅರ್ಧ ಗಂಟೆಯಲ್ಲಿ ಮೇಲ್ಮೈ ನುಣುಪಾಯಿತು. ನೋಡಿದವರು ಒಳ್ಳೆಯ ಕೆಲಸ ಎಂದೇ ಹೇಳುತ್ತಿದ್ದರು.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹಿರಿಯ ಇಂಜಿನಿಯರರ ಹತ್ತಿರ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಒಂದು ಉಳಿ ಸುತ್ತಿಗೆ ತರಿಸಿ ಗೋಡೆಯ ಪಕ್ಕದಲ್ಲಿ ಮೇಲಿಂದ ಕೊರೆಸಿದರು. ಮೂವತ್ತಕ್ಕೆ ಸರಳು ಸಿಗಲಿಲ್ಲ. ನಲವತ್ತಕ್ಕೂ ಇಲ್ಲ. 65 ಮಿಲಿಮೀಟರ್ ಕೆಳಗೆ ಸಿಕ್ಕಿತು. ಅಲ್ಲಿಗೆ 115 ಇರಬೇಕಾದದ್ದು 80 ಆಗಿತ್ತು, ಹತ್ತಿರ ಹತ್ತಿರ ಶೇಕಡಾ 30ರಷ್ಟು ಬಲ ಹೋಗಿತ್ತು. ಇಷ್ಟು ತೆಳುವಾದ ಸ್ಲ್ಯಾಬಿನಲ್ಲಿ ನಮ್ಮ ದೇಶದ ಸಂಹಿತೆ ಐಎಸ್ 456 ಒಪ್ಪುವ ಏರುಪೇರು 10 ಮಿಲಿಮೀಟರ್ ಮಾತ್ರ, ನಮ್ಮದು 35. "ಇವತ್ತು ಒಡೆದರೆ ಸಿಮೆಂಟು, ಕೂಲಿ ಹೋಗುತ್ತದೆ. ಬಿಟ್ಟರೆ ಏನು ಹೋಗುತ್ತದೆಂದು ಮನೆಯಲ್ಲಿ ಇರುವವರಿಗೆ ಗೊತ್ತಾಗುವುದು ಹಬ್ಬದ ದಿನ, ಹತ್ತು ಜನ ಅಲ್ಲಿ ನಿಂತಾಗ" ಎಂದರು. ಒಡೆದೆವು.

ಇದನ್ನು ಕೇಳಿ ಹುಡುಗಿ, "ಹಾಗಾದರೆ ತಪ್ಪು ಸೈಟಿನದು, ಕಚೇರಿಯದಲ್ಲ" ಎಂದಳು. ನಾನೂ ಹಲವು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ನಾನೇ ವಿನ್ಯಾಸ ಕಚೇರಿಗೆ ಸೇರಿದಾಗ ಆ ನಕ್ಷೆ ನೆನಪಾಯಿತು. ಅದರಲ್ಲಿ ಸರಳು ಒಂದು ನೇರ ಗೆರೆ. ಚೇರ್‌ನ ಮಾತೇ ಇರಲಿಲ್ಲ. ಗೆರೆ ಎಳೆದವರಿಗೆ ಆ ಗೆರೆಯ ಮೇಲೆ ಆಳು ನಿಲ್ಲುತ್ತಾನೆಂದು ಹೊಳೆದಿರಲಿಲ್ಲ. ಹೊಳೆದಿದ್ದರೆ 10ರ ಬದಲು 12 ಮಿಲಿಮೀಟರ್ ಸರಳು ಬರೆದು, ಎರಡಡಿಗೊಂದು ಚೇರ್ ತೋರಿಸಿ, ಓಡಾಡಲು ಪ್ರತ್ಯೇಕ ಹಲಗೆ ಇಡಿ ಎಂದು ಒಂದು ಸಾಲು ಸೇರಿಸುತ್ತಿದ್ದರು. ಲೆಕ್ಕ ಸರಿಯಿತ್ತು. ಆದರೆ ಕಟ್ಟುವವನ ಕಾಲು ಆ ಲೆಕ್ಕದಲ್ಲಿ ಇರಲಿಲ್ಲ.

ಇದರ ದೊಡ್ಡ ರೂಪ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1981ರ ಜುಲೈ 17ರಂದು ಕಂಡಿತು. ಅಲ್ಲಿಯ ಹಯಾತ್ ರೀಜೆನ್ಸಿ ಹೋಟೆಲಿನ ಹಜಾರದಲ್ಲಿ ಒಂದರ ಕೆಳಗೊಂದು ಎರಡು ನಡೆಸೇತುವೆಗಳು ತೂಗಿದ್ದವು. ಮೊದಲ ನಕ್ಷೆಯಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದನೆಯ ಕಂಬಿ ಎರಡನ್ನೂ ಹಿಡಿಯಬೇಕಿತ್ತು. ಮೇಲಿನ ಸೇತುವೆಯ ನಟ್ಟು ಕೂರಲು ಕಂಬಿಗೆ ಅಷ್ಟುದ್ದ ತಿರುಪು ಕೊರೆಯಬೇಕು, ಅದನ್ನು ಕೆಡದಂತೆ ಎತ್ತಿ ಕೂರಿಸುವುದು ಕಷ್ಟ. ತಯಾರಿಸುವವರ ಈ ಕಷ್ಟ ನಿಜವಾದದ್ದೇ. ಕಂಬಿಯನ್ನು ಎರಡು ತುಂಡು ಮಾಡಿ, ಕೆಳಗಿನ ಸೇತುವೆಯನ್ನು ಮೇಲಿನ ಸೇತುವೆಯ ತೊಲೆಗೇ ತೂಗಿಸಲಾಯಿತು. ನೋಡಲು ಸಣ್ಣ ಬದಲಾವಣೆ. ಒಬ್ಬ ಹಗ್ಗ ಹಿಡಿದು ನೇತಾಡುವಾಗ ಇನ್ನೊಬ್ಬ ಹಗ್ಗ ಬಿಟ್ಟು ಅವನ ಕಾಲು ಹಿಡಿದಂತೆ ಅದು: ಹಗ್ಗದ ಮೇಲಿನ ಭಾರ ಅಷ್ಟೇ, ಮೇಲಿನವನ ಮುಷ್ಟಿಯ ಮೇಲೆ ಎರಡರಷ್ಟು. ಬದಲಾದ ನಕ್ಷೆಗೆ ವಿನ್ಯಾಸ ಕಚೇರಿಯ ಮುದ್ರೆ ಬಿತ್ತು, ಆ ಜೋಡಣೆಯ ಲೆಕ್ಕ ಮಾತ್ರ ಯಾರೂ ಹಾಕಲಿಲ್ಲ. 114 ಜನ ಸತ್ತರು. ಹೊಣೆ ಹೊತ್ತ ಇಂಜಿನಿಯರರ ಪರವಾನಗಿ ಹೋಯಿತು.

ಮೊದಲ ನಕ್ಷೆ ಬರೆದವರಿಗೆ ಅದನ್ನು ಕಟ್ಟುವ ಕಷ್ಟ ತಿಳಿದಿರಲಿಲ್ಲ, ಬದಲಾಯಿಸಿದವರಿಗೆ ಬದಲಾವಣೆಯ ಬೆಲೆ ತಿಳಿದಿರಲಿಲ್ಲ. ತಿಳಿಯದಿರುವುದು ಪಾಪವಲ್ಲ, ಹೊಸಬರು ಎಲ್ಲಿ ಸೇರಿದರೂ ತಿಳಿಯದವರೇ. ಆದರೆ ಎರಡು ಕಡೆಯ ಅಜ್ಞಾನಕ್ಕೆ ಸಿಗುವ ಕಾಲಾವಕಾಶ ಬೇರೆ. ಕಚೇರಿಯಲ್ಲಿ ಹೊಸಬರ ತಪ್ಪು ಕಾಗದದ ಮೇಲಿರುತ್ತದೆ. ಇನ್ನೊಬ್ಬರು ಕೆಂಪು ಪೆನ್ನು ಹಿಡಿದರೆ ಹೋಗುತ್ತದೆ, ಹಿಡಿಯದಿದ್ದರೆ ಒಂದೇ ನಕ್ಷೆಯಿಂದ ನಲವತ್ತು ಮನೆಗಳಿಗೆ ಹರಡುತ್ತದೆ. ಸೈಟಿನಲ್ಲಿ ತಪ್ಪು ಒಂದೇ ಬಾಲ್ಕನಿಯದು, ಆದರೆ ಅರ್ಧ ಗಂಟೆಯಲ್ಲಿ ಮುಚ್ಚಿಹೋಗುತ್ತದೆ. ಅಲ್ಲಿ ಬೇಕಾದದ್ದು ಲೆಕ್ಕಕ್ಕಿಂತ ಮೊದಲು 'ನಿಲ್ಲಿಸಿ' ಎನ್ನುವ ಗಂಟಲು. ಆ ಗಂಟಲು ಹುಟ್ಟಿನಿಂದ ಬರುವುದಿಲ್ಲ. ನಿಲ್ಲಿಸಿದ ಮೇಲೆ ತನ್ನ ಬೆನ್ನಿಗೆ ಯಾರೋ ನಿಲ್ಲುತ್ತಾರೆಂಬ ನಂಬಿಕೆಯಿಂದ ಬರುತ್ತದೆ.

ಹಾಗಾಗಿ ಅವಳಿಗೆ ಎರಡೇ ಪ್ರಶ್ನೆ ಕೊಟ್ಟೆ. ಬೆಂಗಳೂರಿನವರನ್ನು ಕೇಳು: ನನ್ನ ನಕ್ಷೆಯನ್ನು ಯಾರು ಪರಿಶೀಲಿಸುತ್ತಾರೆ, ಅದು ಕಟ್ಟಡವಾಗುವುದನ್ನು ನೋಡಲು ನನ್ನನ್ನು ಕಳಿಸುತ್ತೀರಾ? ಮಣಿಪಾಲದವರನ್ನು ಕೇಳು: ಕಾಂಕ್ರೀಟು ಹಾಕುವ ದಿನ ಹಿರಿಯರು ಯಾರು ಇರುತ್ತಾರೆ, ನಾನು ನಿಲ್ಲಿಸಿದರೆ ಅವರು ಏನು ಮಾಡುತ್ತಾರೆ? ಯಾರ ಉತ್ತರ ನೇರವಾಗಿ ಬರುತ್ತದೋ ಅಲ್ಲಿಗೆ ಹೋಗು. ಇಬ್ಬರೂ ನೇರ ಉತ್ತರ ಕೊಟ್ಟರೆ ಮೊದಲೆರಡು ವರ್ಷ ಸೈಟು. ಗೆರೆಯ ಮೇಲೆ ಕಾಲಿಡುವವರನ್ನು ಕಂಡ ಮೇಲೆ ಎಳೆಯುವ ಗೆರೆಯೇ ಬೇರೆ.

ಅವಳ ಅಮ್ಮ ಅಷ್ಟರಲ್ಲಿ ಒಂದು ಚೆಂಡು ಕಟ್ಟಿ ಮುಗಿಸಿದ್ದರು. "ಆ ಬಾಲ್ಕನಿ ಒಡೆದ ಖರ್ಚು ಯಾರು ಕೊಟ್ಟದ್ದು?" ಎಂದು ಕೇಳಿದರು. ನನ್ನ ಸಂಬಳದಿಂದ ಒಂದು ಪಾಲು ಹೋಯಿತು ಎಂದೆ. ಅವರು ಮಗಳ ಕಡೆ ನೋಡಿ, "ಅದನ್ನೂ ಕೇಳಿಕೋ" ಎಂದರು. ಆ ಮೂರನೆಯ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ತಪ್ಪು ಒಪ್ಪಿಕೊಂಡವರ ಸಂಬಳ ಕತ್ತರಿಸುವ ಕಡೆ ಮುಂದಿನ ತಪ್ಪು ಕಾಂಕ್ರೀಟಿನೊಳಗೇ ಉಳಿಯುತ್ತದೆ.