ದೆವ್ವ ಬಿಡಿಸುವಾಗ ಮನುಷ್ಯ ಹೋಗಬಾರದು

ಸಂಬಳದ ಪಟ್ಟಿಯಲ್ಲಿ ಎರಡು ಥರದ ತಪ್ಪು ಆಗಬಹುದು. ಇಲ್ಲದವನಿಗೆ ದುಡ್ಡು ಹೋಗಬಹುದು, ಇರುವವನಿಗೆ ಹೋಗದೇ ಇರಬಹುದು. ಯಾವುದು ದೊಡ್ಡ ತಪ್ಪು? ಪೇರೋಲ್ ಸಾಫ್ಟ್‌ವೇರ್ ಬರೆಯುವ ನನಗೆ ಈ ಪ್ರಶ್ನೆ ಆಡಿಟ್ ಸಮಯದಲ್ಲಿ ಪ್ರತಿ ಸಲ ಎದುರಾಗುತ್ತದೆ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ನಮ್ಮ ಮಂಡ್ಯ ಕಡೆಯ ಒಬ್ಬ ಗುತ್ತಿಗೆದಾರ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ ಕಾವಲು ಮತ್ತು ಕ್ಲೀನಿಂಗ್ ಕೆಲಸಕ್ಕೆ 60 ಜನರನ್ನು ಕೊಟ್ಟಿದ್ದಾನೆ. ಹಾಜರಿ ಪುಸ್ತಕ ನಾಲ್ಕು ಊರಲ್ಲಿದೆ, ಸಂಬಳ ಮಾಡುವುದು ಒಂದೇ ಆಫೀಸಲ್ಲಿ. ಅಲ್ಲಿ ಕೂತವರು 60 ಜನರ ಮುಖ ನೋಡಿಲ್ಲ. ದೆವ್ವಕ್ಕೆ ಇದಕ್ಕಿಂತ ಒಳ್ಳೆ ಹುಣಸೆಮರ ಬೇಕಾ? ಆಡಿಟರ್ ಮೊದಲು ಓಡಿಸುವುದು ಇಷ್ಟನ್ನೇ:

```sql
SELECT account_no, COUNT(*)
FROM employees
GROUP BY account_no
HAVING COUNT(*) > 1;
```

ಒಂದೇ ಬ್ಯಾಂಕ್ ಖಾತೆಗೆ ಎರಡು ಸಂಬಳ ಹೋಗುತ್ತಿದ್ದರೆ ಸಿಕ್ಕಿಬೀಳುತ್ತದೆ. ಎರಡು ಜೋಡಿ ಸಿಕ್ಕಿತು ಅನ್ನಿ. ಪಾಂಡವಪುರದ ಜೋಡಿಯಲ್ಲಿ ಎರಡನೇ ಹೆಸರು ಸೂಪರ್‌ವೈಸರ್ ಸೃಷ್ಟಿಸಿದ್ದು, ಅಂಥ ಮನುಷ್ಯನೇ ಇಲ್ಲ. ಕೆ.ಆರ್. ಪೇಟೆಯ ಜೋಡಿಯಲ್ಲಿ ಎರಡನೆಯವಳು ದಿನಾ ಕಸ ಗುಡಿಸುವ ಹೆಂಗಸು. ಅವಳ ಖಾತೆ ಬಂದ್ ಆಗಿದೆ, ಅದಕ್ಕೇ ಅಲ್ಲೇ ಕೆಲಸ ಮಾಡುವ ತಮ್ಮನ ನಂಬರ್ ಕೊಟ್ಟಿದ್ದಾಳೆ. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಪಿಎಫ್ ನೋಡಿದರೂ ಇದೇ ಕಥೆ. ಮೂಲ ವೇತನ 14,000 ಇದ್ದರೆ 12% ಅಂದರೆ 1,680 ರೂಪಾಯಿ ಸಂಬಳದಲ್ಲಿ ಹಿಡಿಯುತ್ತಾರೆ, ಮಾಲೀಕ ಅಷ್ಟೇ ಸೇರಿಸಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟುವಾಗ ಸಲ್ಲಿಸುವ ಇಸಿಆರ್ ಫೈಲಿನಲ್ಲಿ ಪ್ರತಿಯೊಬ್ಬರ ಯುಎಎನ್ ಇರುತ್ತದೆ. ಯುಎಎನ್‌ಗೆ ಆಧಾರ್ ಬೇಕಾದ್ದರಿಂದ ದೆವ್ವ ಅಲ್ಲಿಗೆ ಸುಲಭವಾಗಿ ಹೋಗಲಾರದು. ಸಂಬಳದ ಪಟ್ಟಿಯಲ್ಲಿ 60, ಇಸಿಆರ್‌ನಲ್ಲಿ 57 ಇದ್ದರೆ ಮೂರು ಜನ ಅನುಮಾನದವರು. ಆದರೆ ಅವರಲ್ಲಿ ಒಬ್ಬ ದೆವ್ವ ಆಗಿದ್ದು, ಇನ್ನಿಬ್ಬರು ನಿಜವಾಗಿ ದುಡಿಯುವವರಾಗಿರಬಹುದು. ಹಿಡಿದ 1,680ನ್ನು ಗುತ್ತಿಗೆದಾರ ಕಟ್ಟದೇ ನುಂಗಿರಬಹುದು. ಹೀಗೆ ಹಿಡಿದ ದುಡ್ಡನ್ನು ಕಾನೂನು ನಂಬಿ ಒಪ್ಪಿಸಿದ ಹಣ ಅಂತಲೇ ನೋಡುತ್ತದೆ. ಕಟ್ಟದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಹಳೆಯ ಐಪಿಸಿಯ 405ನೇ ಕಲಮಿನಲ್ಲೂ ಇತ್ತು, ಈಗಿನ ನ್ಯಾಯ ಸಂಹಿತೆಯ 316ರಲ್ಲೂ ಇದೆ. ಅಂದರೆ ಒಂದೇ ಸಾಲು ಒಬ್ಬನನ್ನು ಕಳ್ಳನ ಮುಖವಾಡ ಅಂತ ತೋರಿಸಬಹುದು, ಇನ್ನೊಬ್ಬನನ್ನು ಕಳ್ಳತನಕ್ಕೆ ಸಿಕ್ಕವನು ಅಂತ.

ಎರಡನ್ನೂ ಬೇರೆ ಮಾಡದೆ ಒಟ್ಟಿಗೆ ತಡೆದರೆ ಏನಾಗುತ್ತದೆ ಅನ್ನುವುದನ್ನು ಬೆಂಗಳೂರು ನೋಡಿದೆ. 2017ರಲ್ಲಿ ಬಿಬಿಎಂಪಿ ಪೌರಕಾರ್ಮಿಕರಿಗೆ ಬಯೋಮೆಟ್ರಿಕ್ ಹಾಜರಿ ತಂದಿತು. ಗುತ್ತಿಗೆದಾರರ ಪಟ್ಟಿಯಲ್ಲಿ ಸುಳ್ಳು ಹೆಸರುಗಳಿದ್ದದ್ದು ನಿಜ, ಅವು ಹೋಗಬೇಕಾದದ್ದೂ ಸರಿ. ಆದರೆ ಗುತ್ತಿಗೆಯಿಂದ ನೇರ ಪಾವತಿಗೆ ಬದಲಾಗುವ ಗೊಂದಲದಲ್ಲಿ, ಪೊರಕೆ ಹಿಡಿದು ಬೀದಿಯಲ್ಲಿದ್ದ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. 2018ರ ಜುಲೈನಲ್ಲಿ ಹಾಗೆ ಸಂಬಳ ಸಿಗದಿದ್ದ ಒಬ್ಬ ಪೌರಕಾರ್ಮಿಕ ಪ್ರಾಣ ಕಳೆದುಕೊಂಡರು.

ಹಾಗಾಗಿ ನನ್ನ ಉತ್ತರ ಇದು: ಎರಡು ತಪ್ಪೂ ಸಮ ಅಲ್ಲ. ದೆವ್ವಕ್ಕೆ ಒಂದು ತಿಂಗಳು ಹೆಚ್ಚು ಹೋದರೆ ಆಫೀಸಿಗೆ ಹನ್ನೆರಡು ಸಾವಿರ ಚಿಲ್ಲರೆ ನಷ್ಟ, ಅದನ್ನು ಸೂಪರ್‌ವೈಸರ್‌ನಿಂದ ವಸೂಲಿ ಮಾಡಬಹುದು. ಕೆ.ಆರ್. ಪೇಟೆಯ ಆ ಹೆಂಗಸಿಗೆ ಒಂದು ತಿಂಗಳು ನಿಂತರೆ ಬಾಡಿಗೆ, ರೇಷನ್, ಕೈಸಾಲದ ಬಡ್ಡಿ. ಅದು ಮುಂದಿನ ತಿಂಗಳು ಅರಿಯರ್ಸ್ ಹಾಕಿದರೆ ವಾಪಸ್ ಬರುವಂಥದ್ದಲ್ಲ.

ಇದನ್ನು ಸಾಫ್ಟ್‌ವೇರಿನಲ್ಲಿ ಇಡುವ ಜಾಗ ಮಾಸ್ಟರ್ ಡೇಟಾ. ಹೊಸ ಹೆಸರು ಸೇರಿಸಲು, ಖಾತೆ ನಂಬರ್ ಬದಲಿಸಲು ಒಬ್ಬ ಹಾಕಬೇಕು, ಇನ್ನೊಬ್ಬ ಒಪ್ಪಬೇಕು ಅಂತ ಎಲ್ಲರೂ ನಿಯಮ ಮಾಡುತ್ತಾರೆ. ಹೆಸರು ತೆಗೆಯಲು, ಸಂಬಳ ತಡೆಯಲು ಮಾತ್ರ ಬಹಳ ಕಡೆ ಒಂದೇ ಕ್ಲಿಕ್ ಸಾಕು. ಸೇರಿಸುವುದು ಖರ್ಚು, ತೆಗೆಯುವುದು ಉಳಿತಾಯ ಅನ್ನುವ ಲೆಕ್ಕ ಅದು. ತಡೆಯಲೂ ಎರಡು ಕೈ ಬೇಕು ಅನ್ನುವುದು ನನ್ನ ವಾದ. ಕಾರಣ ಬರೆದಿರಬೇಕು, ಆ ಊರಿನ ಸೂಪರ್‌ವೈಸರ್ ಅಲ್ಲದ ಬೇರೊಬ್ಬರು ಕೆಲಸದ ಜಾಗಕ್ಕೆ ಹೋಗಿ ನೋಡಿ ಬಂದಿರಬೇಕು. ನಾಲ್ಕೂ ಊರು ಸುತ್ತಲು ಒಂದೆರಡು ದಿನ ಸಾಕು.

ಇದಕ್ಕೂ ಮಿತಿ ಇದೆ. ಹಾಕುವವನು, ಒಪ್ಪುವವನು ಇಬ್ಬರೂ ಸೇರಿಕೊಂಡರೆ ಎರಡು ಸಹಿ ಒಂದೇ ಸಹಿ ಆಗುತ್ತದೆ. ಆಗ ಇವತ್ತಿನ ಪಟ್ಟಿ ನೋಡಿ ಪ್ರಯೋಜನ ಇಲ್ಲ. ಸಂಬಳಕ್ಕೆ ಎರಡು ದಿನ ಮೊದಲು ಖಾತೆ ನಂಬರ್ ಬದಲಿಸಿ, ಸಂಬಳ ಬಿದ್ದ ಮೇಲೆ ಹಳೆಯದನ್ನೇ ಹಾಕಿದರೆ ಪಟ್ಟಿ ಶುದ್ಧವಾಗಿಯೇ ಕಾಣುತ್ತದೆ. ಬದಲಾವಣೆಯ ಲಾಗ್ ಓದಿದರೆ ಮಾತ್ರ ಗೊತ್ತಾಗುತ್ತದೆ. ಹಾಕಿದ ಒಂದೇ ನಿಮಿಷಕ್ಕೆ ಒಪ್ಪಿಗೆ ಸಿಕ್ಕಿದ್ದರೆ, ಒಪ್ಪಿದವರು ಓದಿಲ್ಲ ಅಂತಲೇ ಅರ್ಥ.

ನಿಮ್ಮ ಆಫೀಸಿನಲ್ಲೂ ಹೌಸ್‌ಕೀಪಿಂಗ್‌ನವರು ಇದ್ದಾರೆ. ಪಿಎಫ್ ಪಾಸ್‌ಬುಕ್ ನೋಡಲು ಬರುತ್ತದಾ ಅಂತ ಒಮ್ಮೆ ಕೇಳಿ. ಬರದಿದ್ದರೆ ಫೋನಲ್ಲಿ ತೆಗೆದು ತೋರಿಸಿ. ತಾನು ಪಟ್ಟಿಯಲ್ಲಿದ್ದೇನಾ ಇಲ್ಲವಾ ಅನ್ನುವುದು ಆಡಿಟರ್‌ಗಿಂತ ಮೊದಲು ಅವರಿಗೇ ಗೊತ್ತಿರಬೇಕು.