ಬಂದ ಯೋಚನೆಯೇ ಕರ್ಮವಲ್ಲ



ಎಲ್ಲಕ್ಕೂ ಮನಸ್ಸೇ ಮುಂದಾಳು ಎಂದು ಧಮ್ಮಪದದಿಂದ ಕಲಿತಿದ್ದೇವೆ. ಹಾಗಾದರೆ ಮನಸ್ಸಿಗೆ ಕೆಟ್ಟ ಯೋಚನೆ ಬಂದವರು ಕೆಟ್ಟವರೇ? ಗುಬ್ಬಿಯ ತಂಗಿಯೊಬ್ಬಳು ತುಮಕೂರಿನ ನಮ್ಮ ಅಧ್ಯಯನ ಬಳಗದಲ್ಲಿ ಇದನ್ನು ಕೇಳಿದಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಬಾಣಂತನಕ್ಕೆ ಕುಣಿಗಲ್‌ನ ತವರಿಗೆ ಹೋಗಿದ್ದಾಗ ಈಳಿಗೆಮಣೆ ಕಂಡರೆ ಸಾಕು, 'ಇದರಿಂದ ಮಗುವಿಗೆ ಏನಾದರೂ ಮಾಡಿಬಿಟ್ಟರೆ?' ಎಂಬ ಯೋಚನೆ ನುಗ್ಗುತ್ತಿತ್ತು. ಮೈ ನಡುಗುತ್ತಿತ್ತು. ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿಸಿದಳು, ಮಗುವಿನ ಜೊತೆ ಒಬ್ಬಳೇ ಇರುವುದನ್ನು ಬಿಟ್ಟಳು, ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಯೋಚನೆ ಮಾತ್ರ ಹೆಚ್ಚುತ್ತಲೇ ಹೋಯಿತು.

1978ರಲ್ಲಿ ಲಂಡನ್‌ನ ಮನಶ್ಶಾಸ್ತ್ರಜ್ಞರಾದ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ ಒಂದು ಅಧ್ಯಯನ ಪ್ರಕಟಿಸಿದರು. ಯಾವ ಮನೋರೋಗವೂ ಇಲ್ಲದ 124 ಜನರನ್ನು ಕೇಳಿದಾಗ, ಐವರಲ್ಲಿ ಸುಮಾರು ನಾಲ್ವರು ಇಂಥ ಬೇಡದ ಯೋಚನೆ ತಮಗೂ ಬರುತ್ತದೆ ಎಂದರು. ಗೀಳು ಕಾಯಿಲೆಯವರ ಯೋಚನೆಗೂ ಇವರ ಯೋಚನೆಗೂ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಕಾಯಿಲೆಯವರಿಗೆ ಅದು ಪದೇ ಪದೇ ಬರುತ್ತಿತ್ತು, ಹೆಚ್ಚು ಹೊತ್ತು ಉಳಿಯುತ್ತಿತ್ತು, ಹೆಚ್ಚು ಹಿಂಸೆ ಕೊಡುತ್ತಿತ್ತು.

ಹಾಗೇಕೆ? ಬೇರೆಯವರು 'ಏನೋ ಬಂತು, ಹೋಯಿತು' ಎಂದು ಬಿಟ್ಟುಬಿಡುತ್ತಾರೆ. ಇವಳು 'ಇಂಥದ್ದು ಬಂದಿದೆ ಎಂದರೆ ನಾನೇ ಇಂಥವಳು' ಎಂದು ಅರ್ಥ ಕಟ್ಟಿದಳು. ಹೋಯಿತೇ ಎಂದು ನೋಡುತ್ತಿದ್ದರೆ ಅದನ್ನೇ ನೆನೆದಂತಾಯಿತು. ಈಳಿಗೆಮಣೆ ಬಚ್ಚಿಟ್ಟಾಗಲೆಲ್ಲ 'ಬಚ್ಚಿಟ್ಟಿದ್ದಕ್ಕೇ ಮಗು ಉಳಿಯಿತು' ಎಂದು ಮನಸ್ಸು ಪಾಠ ಕಲಿಯಿತು. ನಿಜವಾಗಿ ಮಗುವನ್ನು ಕಾದದ್ದು ಅವಳ ಪ್ರೀತಿ. ಪ್ರೀತಿ ಇದ್ದದ್ದಕ್ಕೇ ಆ ಯೋಚನೆ ಅಷ್ಟು ಹೆದರಿಸಿತು.

ಬುದ್ಧರು ಕರ್ಮ ಎಂದದ್ದು ಚೇತನವನ್ನು, ಅಂದರೆ ಮಾಡಬೇಕೆಂಬ ಸಂಕಲ್ಪವನ್ನು. ಕರೆಯದೆ ಬಂದು, ನಾವು ಬೇಡವೆಂದರೂ ನುಗ್ಗುವ ಯೋಚನೆಯಲ್ಲಿ ಆ ಸಂಕಲ್ಪವಿಲ್ಲ. ವಿತಕ್ಕಸಂಠಾನ ಸುತ್ತದಲ್ಲಿ ಬೇಡದ ಯೋಚನೆಗೆ ಐದು ಉಪಾಯಗಳಿವೆ. ಮೂರನೆಯದು ಅದಕ್ಕೆ ಗಮನ ಕೊಡದಿರುವುದು. ಹಲ್ಲು ಕಚ್ಚಿ ಹತ್ತಿಕ್ಕುವುದು ಕೊನೆಯದು, ಉಳಿದವು ಫಲಿಸದಿದ್ದರೆ ಮಾತ್ರ. ಈ ಉಪಾಯಗಳನ್ನು ಇಂದಿನ ಮನೋಚಿಕಿತ್ಸೆಯ ಜೊತೆ ಹೋಲಿಸಿ ಬರೆದವರೂ ಅದೇ ಡಿ ಸಿಲ್ವ.

ತಂಗಿ ಮನೋವೈದ್ಯರನ್ನು ಕಂಡಳು. ಅವರು ಹೇಳಿದಂತೆ ಮೊದಲು ಈಳಿಗೆಮಣೆಯನ್ನು ಅಟ್ಟದಿಂದ ಇಳಿಸಿದಳು. ಆಮೇಲೆ ಮಗು ಪಕ್ಕದ ಕೋಣೆಯಲ್ಲಿ ಮಲಗಿರುವಾಗ ತರಕಾರಿ ಹೆಚ್ಚಿದಳು. ಕೆಲವು ವಾರಗಳ ನಂತರ ಮಗು ಅದೇ ಕೋಣೆಯಲ್ಲಿರುವಾಗಲೂ ಹೆಚ್ಚಿದಳು. ಯೋಚನೆ ಬಂದರೆ ವಾದ ಮಾಡಲಿಲ್ಲ, ಓಡಲಿಲ್ಲ, ಕೈಯಲ್ಲಿದ್ದ ಕೆಲಸ ಮುಂದುವರಿಸಿದಳು. ಹೆದರಿಕೆ ತಾನಾಗಿ ಇಳಿಯಿತು.

ಒಂದು ಎಚ್ಚರಿಕೆ. ಯಾರೋ 'ಮಾಡು' ಎನ್ನುವ ಧ್ವನಿ ಕೇಳಿಸಿದರೆ, ಆ ಯೋಚನೆಯೇ ಸರಿ ಎನಿಸತೊಡಗಿದರೆ, ಬಾಣಂತಿ ರಾತ್ರಿಗಳುದ್ದಕ್ಕೂ ನಿದ್ದೆಯಿಲ್ಲದೆ ಅಸಂಬದ್ಧವಾಗಿ ಮಾತಾಡಿದರೆ, ಅದು ಬೇರೆಯೇ ಕಾಯಿಲೆ. ತಾಯಿ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ, ಈ ಯೋಚನೆಗಳು ದಿನದ ಕೆಲಸವನ್ನೇ ಕೆಡಿಸುತ್ತಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಜೈ ಭೀಮ್.