ಆ ಕಾಗದದಲ್ಲಿ ಅವ್ವ ಕಾಣಲಿಲ್ಲ

ನಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ ತೀರಿಕೊಂಡರೆ ಏಳನೆಯ ದಿನದ ಪೂಜೆಯ ಹೊತ್ತಿಗೆ ಮನೆಯವರ ಕೈಗೆ ಒಂದು ಸಂತಾಪ ಪತ್ರ ಕೊಡುವುದು ವಾಡಿಕೆ. ಈ ಪತ್ರಿಕೆಯ ಕೆಲಸ ನೋಡುವ ನಾವು ನಾಲ್ಕೈದು ಮಂದಿಯೇ ಅದನ್ನೂ ಬರೆಯುತ್ತೇವೆ. ಬರೆಯುತ್ತೇವೆ ಎಂದರೆ ತಪ್ಪಾದೀತು. ಹಳೆಯ ಪತ್ರವೊಂದು ಕಂಪ್ಯೂಟರಿನಲ್ಲಿ ಇರುತ್ತದೆ. ಹೆಸರು, ತಾರೀಖು ತಿದ್ದಿ ಪ್ರಿಂಟ್ ತೆಗೆಯುತ್ತೇವೆ.

ಕಳೆದ ಮಳೆಗಾಲದಲ್ಲಿ ವಯಸ್ಸಾದ ತಾಯಿಯೊಬ್ಬರು ಹೋದರು. ವಾಡಿಕೆಯಂತೆ ಪತ್ರ ಕೊಟ್ಟೆವು. ಎರಡು ದಿನ ಬಿಟ್ಟು ಅವರ ಮಗ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದರು. ಸಿಟ್ಟೇನೂ ಇರಲಿಲ್ಲ. "ಅಣ್ಣ, ಈ ಕಾಗ್ದ ನಮ್ಮನೆಗೇ ಬರಬೇಕಾದ್ದಾ? ಇದ್ರೊಳಗೆ ನಮ್ಮವ್ವ ಕಾಣ್ತಿಲ್ವಲ್ಲ" ಎಂದರು. ನೋಡಿದರೆ, ಎರಡನೆಯ ಸಾಲಿನಲ್ಲಿ "ಕುಟುಂಬದ ಯಜಮಾನರನ್ನು ಕಳೆದುಕೊಂಡ ನಿಮಗೆ" ಎಂದಿತ್ತು. ಹಿಂದಿನ ತಿಂಗಳು ತೀರಿಕೊಂಡ ಹಿರಿಯರೊಬ್ಬರ ಪತ್ರದಿಂದ ಆ ಸಾಲು ಹಾಗೇ ಉಳಿದುಬಿಟ್ಟಿತ್ತು.

ಆ ಸಾಲನ್ನು ತಿದ್ದುವುದು ಸುಲಭ. ಆದರೆ ಅದನ್ನು ತಿದ್ದಿದ ಮೇಲೂ ಅವರು ಹೇಳಿದ ಮಾತು ನಿಜವಾಗಿಯೇ ಉಳಿಯಿತು. ಪತ್ರ ಹೀಗಿತ್ತು: "ತಮ್ಮ ತಾಯಿಯವರ ಅಗಲಿಕೆಯ ಸುದ್ದಿ ತಿಳಿದು ಅತೀವ ದುಃಖವಾಯಿತು. ಅವರ ಅಗಲಿಕೆಯಿಂದ ನಮ್ಮ ಧರ್ಮಕೇಂದ್ರಕ್ಕೆ ತುಂಬಲಾರದ ನಷ್ಟವಾಗಿದೆ. ಎಲ್ಲವೂ ದೇವರ ಚಿತ್ತ. ಅಗಲಿದ ಆತ್ಮಕ್ಕೆ ದೇವರು ಚಿರಶಾಂತಿ ನೀಡಲಿ, ದುಃಖವನ್ನು ಭರಿಸುವ ಶಕ್ತಿಯನ್ನು ಕುಟುಂಬದವರಿಗೆ ಕರುಣಿಸಲಿ. ಏನೇ ಸಹಾಯ ಬೇಕಿದ್ದರೂ ಸಂಕೋಚವಿಲ್ಲದೆ ತಿಳಿಸಿ." ಇದರಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ಹಾಗಿದ್ದರೂ ಇದನ್ನು ಯಾವ ಮನೆಗೆ ಬೇಕಾದರೂ ಕೊಡಬಹುದು. ತಪ್ಪಿ ಕೊಟ್ಟಿದ್ದೂ ಆಯಿತು.

ಆ ಸಂಜೆ ನಾವು ಅದನ್ನು ಮತ್ತೆ ಬರೆಯಲು ಕುಳಿತೆವು. ಮೊದಲು ಮಾಡಿದ ಕೆಲಸ ಇನ್ನೂ ಹದಗೆಟ್ಟಿತು. ಪತ್ರದಲ್ಲಿ ಭಾವನೆ ಸಾಲದು ಎಂದುಕೊಂಡು "ಮಮತೆಯ ಮೂರ್ತಿ", "ತ್ಯಾಗಮಯಿ", "ಸದಾ ಹಸನ್ಮುಖಿ" ಎಂಬ ಪದಗಳನ್ನು ಸೇರಿಸಿದೆವು. ನಮ್ಮಲ್ಲೊಬ್ಬರು ಓದುತ್ತಾ ಓದುತ್ತಾ ನಕ್ಕುಬಿಟ್ಟರು. "ಹಸನ್ಮುಖಿನಾ? ಆ ತಾಯಿ ಕೈಲಿ ಬೈಸಿಕೊಳ್ಳದೆ ಇರೋರು ಯಾರಿದ್ದಾರೆ ಇಲ್ಲಿ?" ನಿಜ. ಗುಡಿಯೊಳಗೆ ಚಪ್ಪಲಿ ಸದ್ದು ಮಾಡಿದವರು, ಜಪಸರಕ್ಕೆ ತಡವಾಗಿ ಬಂದವರು, ಮೇಣದ ಬತ್ತಿಯನ್ನು ಅರ್ಧಕ್ಕೇ ಎಸೆದವರು, ಒಮ್ಮೆ ಗುರುಗಳು ಕೂಡ, ಎಲ್ಲರೂ ಬೈಸಿಕೊಂಡವರೇ. ಆ ಮೂರು ಪದಗಳನ್ನು ಓದಿದ್ದರೆ ಮಗನಿಗೆ ಎರಡನೆಯ ಸಲವೂ ಅವ್ವ ಕಾಣುತ್ತಿರಲಿಲ್ಲ. ಮೊದಲ ಪತ್ರದಲ್ಲಿ ಅವರು ಇರಲಿಲ್ಲ, ಅಷ್ಟೇ. ಎರಡನೆಯದರಲ್ಲಿ ಅವರ ಜಾಗದಲ್ಲಿ ಬೇರೆ ಯಾರನ್ನೋ ಕೂರಿಸಿದ್ದೆವು.

ಇಲ್ಲಿ ನಮಗೊಂದು ಪ್ರಶ್ನೆ ಎದುರಾಯಿತು. ಪತ್ರ ಮನಸ್ಸಿನಿಂದ ಬಂದದ್ದು ಎಂದು ಓದುವವರಿಗೆ ಅನಿಸಬೇಕು ಎಂದು ನಾವು ಹೊರಟಿದ್ದೆವು. ಹಾಗೆ ಅನಿಸುವಂತೆ ಮಾಡುವುದು ಒಂದು ಬಗೆಯ ನಟನೆಯಲ್ಲವೇ? ನಮಗೆ ಆಗದ ದುಃಖವನ್ನು ಆದಂತೆ ಬರೆಯುವುದು ಸುಳ್ಳಲ್ಲವೇ? ನಿಜ ಹೇಳಬೇಕೆಂದರೆ ಆ ಸುದ್ದಿ ಬಂದಾಗ ನಮ್ಮಲ್ಲಿ ಯಾರೂ ಅಳಲಿಲ್ಲ. ವಯಸ್ಸಾಗಿತ್ತು, ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದರು. "ಅತೀವ ದುಃಖವಾಯಿತು" ಎಂಬುದು ನಮ್ಮ ಮಟ್ಟಿಗೆ ನಿಜವಾಗಿರಲಿಲ್ಲ.

ತುಂಬಾ ಹೊತ್ತು ಮಾತಾಡಿದ ಮೇಲೆ ನಮಗೆ ಹೊಳೆದದ್ದು ಇಷ್ಟು: ನಮ್ಮ ದುಃಖದ ಅಳತೆಯನ್ನು ಆ ಮನೆಯವರು ಕೇಳಲೇ ಇಲ್ಲ. ಅವರು ಹುಡುಕಿದ್ದು ಅವ್ವನನ್ನು. ನಮಗೆ ಏನಾಯಿತು ಎನ್ನುವ ಬದಲು ಅವರಿಂದ ನಾವು ಏನು ಕಂಡೆವು ಎಂದು ಬರೆದರೆ ನಟಿಸುವ ಅಗತ್ಯವೇ ಬರುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳುವವನು ಅಳಬೇಕಾಗಿಲ್ಲ.

"ತುಂಬಲಾರದ ನಷ್ಟ" ಎಂಬ ಮಾತನ್ನೇ ತೆಗೆದುಕೊಂಡೆವು. ಏನು ನಷ್ಟ? ಯಾವ ಜಾಗ ಖಾಲಿಯಾಯಿತು? ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಗುಡಿಯ ಬೀಗದ ಕೈ ಇಟ್ಟುಕೊಂಡವರು ಹೇಳಿದರು: ಸುದ್ದಿ ಬಂದ ಮರುದಿನ ಶನಿವಾರ ಸಂಜೆ ಬಾಗಿಲು ತೆಗೆದರೆ ಪೀಠದ ಮೇಲೆ ಹೂವಿರಲಿಲ್ಲ. ಇಷ್ಟು ವರ್ಷ ಹೂವು ಯಾರು ಕಳಿಸುತ್ತಿದ್ದರೆಂದು ಅವತ್ತೇ ಅವರಿಗೆ ಗೊತ್ತಾದದ್ದು.

ಉಳಿದದ್ದನ್ನು ಕೇಳಿ ತಿಳಿಯಬೇಕಾಯಿತು. ದುಃಖದಲ್ಲಿರುವ ಮನೆಗೆ ನೋಟ್ ಪುಸ್ತಕ ಹಿಡಿದು ಹೋಗುವುದು ಚೆನ್ನಾಗಿರದು. ಅವರ ಜೊತೆ ಕೂಲಿಗೆ ಹೋಗುತ್ತಿದ್ದ ಇಬ್ಬರು ಹೆಂಗಸರನ್ನು, ಪಕ್ಕದ ಮನೆಯವರನ್ನು ಕೇಳಿದೆವು. "ಅವರು ಹೇಗಿದ್ದರು?" ಎಂದು ಕೇಳಿದರೆ "ತುಂಬ ಒಳ್ಳೆಯವರು" ಎಂದಷ್ಟೇ ಉತ್ತರ. "ಕಡೆಯ ಸಲ ಅವರನ್ನು ಎಲ್ಲಿ ನೋಡಿದಿರಿ, ಏನು ಹೇಳಿದರು?" ಎಂದು ಕೇಳಿದಾಗ ಮಾತು ತಾನಾಗಿ ಬಂತು. ಎಲ್ಲವನ್ನೂ ಬರೆಯಲಿಲ್ಲ. ಸೊಸೆಯ ಜೊತೆ ಹಳೆಯ ಜಗಳವೊಂದು, ಜಮೀನಿನ ವಿಷಯ, ಕಾಯಿಲೆಯ ವಿವರ, ಇವು ನಮ್ಮ ಕಿವಿಗೆ ಬಿದ್ದರೂ ಪತ್ರಕ್ಕೆ ಸೇರತಕ್ಕವಲ್ಲ. ಮನೆಯವರು ನೆಂಟರ ಮುಂದೆ ತಾವೇ ಹೇಳಿಕೊಳ್ಳುವಂಥದ್ದನ್ನು ಮಾತ್ರ ಇಟ್ಟುಕೊಂಡೆವು.

ಕೊನೆಗೆ ಬರೆದ ಪತ್ರ, ಹೆಸರುಗಳನ್ನು ಬಿಟ್ಟು, ಹೀಗಿದೆ:

"ಪ್ರೀತಿಯ ತಮ್ಮನಿಗೆ, ತಂಗಿಗೆ. ನಿಮ್ಮ ಅವ್ವ ಹೋದ ಮರುದಿನ ಸಂಜೆ ಗುಡಿಯ ಪೀಠದ ಮೇಲೆ ಹೂವಿರಲಿಲ್ಲ. ಹೂವಿನ ಸರದಿ ಯಾರದು ಎಂದು ಒಬ್ಬರನ್ನೊಬ್ಬರು ಕೇಳಿದೆವು. ಸರದಿಯೇ ಇರಲಿಲ್ಲ, ಪ್ರತಿ ಶನಿವಾರ ನಿಮ್ಮ ಬೇಲಿಯ ಚೆಂಡುಹೂವನ್ನು ಅವರೇ ಕಳಿಸುತ್ತಿದ್ದರು. ಶಾಲೆಯಲ್ಲಿ ತಮಿಳು ಕಲಿಯುವ ನಮ್ಮ ಮಕ್ಕಳು ಅಕ್ಟೋಬರಿನ ಜಪಸರದಲ್ಲಿ ಕನ್ನಡದ ಮಾತು ತಪ್ಪಿದರೆ ಬೈದು, ನಿಲ್ಲಿಸಿ, ಮೊದಲಿನಿಂದ ಹೇಳಿಸುತ್ತಿದ್ದರು. ಮಣ್ಣಿನ ದಿನ ಅದೇ ಮಕ್ಕಳು ಪರಲೋಕ ಮಂತ್ರವನ್ನು ಒಂದೂ ತಪ್ಪಿಲ್ಲದೆ ಹೇಳಿದ್ದನ್ನು ನೀವೂ ಕೇಳಿದಿರಿ. ಎಂಟು ತಿಂಗಳು ತಂಗಿ ರಾತ್ರಿ ಎದ್ದೆದ್ದು ಅವರನ್ನು ಮಗ್ಗುಲು ತಿರುಗಿಸುತ್ತಿದ್ದುದನ್ನು ಪಕ್ಕದ ಮನೆಯವರು ನಮಗೆ ಹೇಳಿದರು. ಮೂವತ್ತನೆಯ ದಿನದ ಊಟಕ್ಕೆ ಪಾತ್ರೆಯೂ ಬಡಿಸುವ ಜನವೂ ನಮ್ಮ ಕಡೆಯಿಂದ ಬರುತ್ತಾರೆ. ದೇವರು ಅವರ ಆತ್ಮಕ್ಕೆ ಚಿರಶಾಂತಿಯನ್ನು ಕೊಡಲಿ."

"ಎಲ್ಲವೂ ದೇವರ ಚಿತ್ತ" ಎಂಬುದನ್ನು ಬಿಟ್ಟಿದ್ದೇವೆ. ಆ ಮಾತನ್ನು ನಾವು ನಂಬುವುದಿಲ್ಲ ಎಂದಲ್ಲ. ದುಃಖದಲ್ಲಿರುವವರು ತಾವೇ ಅದನ್ನು ಹೇಳಿದರೆ ಅದು ಪ್ರಾರ್ಥನೆ. ಹೊರಗಿನವರು ಹೇಳಿದರೆ ಇನ್ನು ಮಾತು ಸಾಕು ಎಂದಂತೆ ಕೇಳಿಸುತ್ತದೆ. ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಲಾಜರನ ಇಬ್ಬರು ಅಕ್ಕತಂಗಿಯರೂ ಯೇಸುಸ್ವಾಮಿಗೆ ಒಂದೇ ಮಾತನ್ನು ಹೇಳುತ್ತಾರೆ: ನೀವು ಇಲ್ಲಿದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ ಎಂದು. ಮಾರ್ತಳಿಗೆ ಅವರು ಪುನರುತ್ಥಾನದ ಬಗ್ಗೆ ಹೇಳುತ್ತಾರೆ. ಮರಿಯಳಿಗೆ ಆ ಉತ್ತರವನ್ನು ಕೊಡುವುದಿಲ್ಲ. ಅವನನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳುತ್ತಾರೆ, ಅಳುತ್ತಾರೆ. ಒಂದೇ ಮನೆ, ಒಂದೇ ಸಾವು, ಒಂದೇ ಮಾತು. ಉತ್ತರ ಮಾತ್ರ ಎರಡು. ನಾವು ಎಲ್ಲ ಮನೆಗೂ ಒಂದೇ ಪ್ರಿಂಟ್ ತೆಗೆಯುತ್ತಿದ್ದೆವು.

ಚಿರಶಾಂತಿಯ ಸಾಲನ್ನು ಯಾಕೆ ಉಳಿಸಿಕೊಂಡಿರಿ, ಅದೂ ಎಲ್ಲರೂ ಬರೆಯುವ ಮಾತೇ ಅಲ್ಲವೇ ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ಅದು ಪ್ರಾರ್ಥನೆ, ದೇವರಿಗೆ ಹೇಳಿದ್ದು. ಆ ತಾಯಿ ಯಾರೆಂದು ದೇವರಿಗೆ ನಾವು ತಿಳಿಸಬೇಕಾಗಿಲ್ಲ. ಪೂಜೆಯಲ್ಲಿ ಧರ್ಮಾಧ್ಯಕ್ಷರಿಗೂ ಕೂಲಿಯವರಿಗೂ ಒಂದೇ ಮಾತಿನಲ್ಲಿ ಬೇಡುತ್ತೇವೆ, ಅದು ಹಾಗೇ ಇರಲಿ. ಪತ್ರದ ಉಳಿದ ಮಾತು ಮನೆಯವರಿಗೆ ಹೇಳಿದ್ದು. ಅವರ ಅವ್ವ ನಮಗೆ ಗೊತ್ತಿದ್ದರೇ ಇಲ್ಲವೇ ಎಂಬುದು ಅವರಿಗೆ ನಮ್ಮ ಬಾಯಿಂದಲೇ ತಿಳಿಯಬೇಕು.

ಗೊತ್ತಿಲ್ಲದಿದ್ದರೆ? ಈ ಪ್ರಶ್ನೆ ಎರಡು ತಿಂಗಳಲ್ಲೇ ಬಂತು. ಮೂವತ್ತು ವರ್ಷ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿದವರೊಬ್ಬರ ದೇಹವನ್ನು ದಿಂಬಂ ಘಾಟಿ ಹತ್ತಿಸಿ ಊರಿಗೆ ತಂದರು. ಕ್ರಿಸ್ಮಸ್ಸಿಗೆ ಬಂದಾಗ ಹಿಂದಿನ ಸಾಲಿನಲ್ಲಿ ನಿಂತಿರುತ್ತಿದ್ದರು ಎನ್ನುವುದು ಬಿಟ್ಟರೆ ನಮಗೆ ಬೇರೇನೂ ತಿಳಿದಿರಲಿಲ್ಲ. ಕೇಳಿ ತಿಳಿದು, ನಾವೇ ಕಂಡವರಂತೆ ಬರೆಯಬಹುದಿತ್ತು. ಅದು ಚೆನ್ನಾಗಿಯೂ ಇರುತ್ತಿತ್ತೇನೋ, ಆದರೆ ಮೋಸವಾಗುತ್ತಿತ್ತು. ಹಿಂದಿನ ಪತ್ರದಲ್ಲಿ "ಪಕ್ಕದ ಮನೆಯವರು ಹೇಳಿದರು" ಎಂದು ಸೇರಿಸಿದ್ದೂ ಇದೇ ಕಾರಣಕ್ಕೆ, ಕಂಡದ್ದು ನಾವಲ್ಲ. ಈ ಮನೆಗೆ ಮೂರೇ ಸಾಲು ಬರೆದೆವು: ಕ್ರಿಸ್ಮಸ್ ರಾತ್ರಿ ಅವರನ್ನು ನೋಡುತ್ತಿದ್ದೆವು, ಕರೆದು ಮಾತಾಡಿಸದೆ ಹೋದೆವು, ಅದು ನಮ್ಮ ತಪ್ಪು, ಅವರ ವಿಷಯ ಕೇಳಲು ಬುಧವಾರ ಸಂಜೆ ಮನೆಗೆ ಬರುತ್ತೇವೆ, ಬರಬಹುದೇ? ಅವರ ಮಗಳು ಆ ಬುಧವಾರ ನಮ್ಮನ್ನು ರಾತ್ರಿ ಒಂಬತ್ತರವರೆಗೆ ಏಳಲು ಬಿಡಲಿಲ್ಲ.

ಆ ತಾಯಿಯ ಮಗನಿಗೆ ಹೊಸ ಪತ್ರ ಕೊಡಲು ಮನೆಗೇ ಹೋದೆವು. ಮೊಮ್ಮಗನಿಗೆ ಕನ್ನಡ ಓದಲು ಬಾರದು, ತಮಿಳೇ ಬರುವುದು. ಅದಕ್ಕೆ ನಾವೇ ಗಟ್ಟಿಯಾಗಿ ಓದಿದೆವು. ಬೈಗುಳದ ಜಾಗ ಬಂದಾಗ ಸೊಸೆ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗ ಪತ್ರವನ್ನು ಕೈಗೆ ತೆಗೆದುಕೊಂಡು ಒಂದು ಪದದ ಮೇಲೆ ಬೆರಳಿಟ್ಟರು.

"ಚೆಂಡುಹೂ ಅಲ್ಲ ಅಣ್ಣ, ಸೇವಂತಿಗೆ. ಚೆಂಡುಹೂವ ದನದ ಕೊರಳಿಗೂ ಕಟ್ತಾರೆ ಅಂತ ನಮ್ಮವ್ವ ಪೀಠಕ್ಕೆ ಇಡ್ತಿರಲಿಲ್ಲ."

ಮತ್ತೆ ಪ್ರಿಂಟ್ ತೆಗೆದುಕೊಡುತ್ತೇವೆ ಎಂದೆವು. ಬೇಡ ಎಂದು ಪೆನ್ನು ಕೇಳಿದರು. ಚೆಂಡುಹೂವನ್ನು ಹೊಡೆದುಹಾಕಿ, ಮೇಲೆ ಅಕ್ಷರ ಕೂಡಿಸಿ ಕೂಡಿಸಿ "ಸೇವಂತಿಗೆ" ಎಂದು ಬರೆದು, ಮಗನ ಕೈಗೆ ಕೊಟ್ಟರು.